ಹಾಲು ಸಾಲ್ತಿಲ್ಲ ಅನ್ನಿಸಿದಾಗ: ಬಾಣಂತಿ ಮನೆಗಳಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನಲ್ಲಿ ಬಾಣಂತಿಯರ ಮನೆಗೆ ಹೋಗಿ ಹಾಲೂಡಿಸುವುದಕ್ಕೆ ನೆರವಾಗುವುದು ನನ್ನ ಕೆಲಸ. ಚೀಲದಲ್ಲಿ ಮಕ್ಕಳ ತೂಕದ ಯಂತ್ರ, ಹಾಲು ಕುಡಿಸುವ ಒಂದು ಒಳಲೆ, ಒಂದು ನೋಟ್‌ಬುಕ್ ಇರುತ್ತದೆ. ಚಪ್ಪಲಿ ಬಿಡುವ ಮೊದಲೇ ಒಳಗಿಂದ ಮಾತು ಬರುತ್ತದೆ: "ಇವಳಿಗೆ ಹಾಲೇ ಇಲ್ಲ ಸಿಸ್ಟರ್." ಹೆಚ್ಚಿನ ಸಲ ಹಾಲು ಇರುತ್ತದೆ. ಕೆಲವು ಸಲ ನಿಜವಾಗಿಯೂ ಇರುವುದಿಲ್ಲ. ಎರಡನ್ನೂ ಬೇರೆ ಮಾಡಿ ನೋಡುವುದು ಹೇಗೆ ಅನ್ನುವುದೇ ಈ ಪುಟ.

ಕುಡಿದು ಅರ್ಧ ಗಂಟೆ ಆಗಿಲ್ಲ, ಮತ್ತೆ ಅಳುತ್ತದೆ. ಹಾಲು ಸಾಲದೆ ತಾನೆ?

ಅಳು ಒಂದನ್ನೇ ನೋಡಿ ಹೇಳೋಕೆ ಆಗುವುದಿಲ್ಲ. ಸಂಜೆ 6ರಿಂದ ರಾತ್ರಿ 10ರ ತನಕ ಎಳೆಗೂಸುಗಳು ಬಿಟ್ಟೂ ಬಿಡದೆ ಎದೆ ಕೇಳುತ್ತವೆ. ಕುಡಿಯುತ್ತವೆ, ಕಣ್ಣು ಮುಚ್ಚುತ್ತವೆ, ಮಲಗಿಸಿದರೆ ಎದ್ದು ಮತ್ತೆ ಬಾಯಿ ತೆರೆಯುತ್ತವೆ. ಸುಮಾರು 6 ವಾರದ ಹೊತ್ತಿಗೆ ಅಳು ತುಂಬಾ ಜಾಸ್ತಿ ಆಗಿ ಆಮೇಲೆ ತಾನಾಗಿ ಇಳಿಯುತ್ತದೆ. ಹೊಟ್ಟೆ ತುಂಬಾ ಕುಡಿದ ಮಗುವೂ ಹೀಗೆ ಅಳುತ್ತದೆ.

ಇನ್ನೊಂದು ಮಾತು. ಇಡೀ ದಿನ ಅಳದೆ, ಎಬ್ಬಿಸಿದರೂ ಏಳದೆ, ಎದೆಗೆ ಹಾಕಿದ ಎರಡೇ ನಿಮಿಷಕ್ಕೆ ನಿದ್ದೆ ಹೋಗುವ ಹಸುಗೂಸನ್ನು ನೋಡಿ "ಎಷ್ಟು ಸಾಧು ಮಗು" ಅಂತ ಮನೆಯವರು ಖುಷಿಪಡುತ್ತಾರೆ. ನನಗೆ ಅಳುವ ಮಗುವಿಗಿಂತ ಇಂಥ ಮಗುವಿನ ಬಗ್ಗೆಯೇ ಹೆಚ್ಚು ಗಾಬರಿ. ಹಾಲು ಸಿಗದೆ ಸೋತ ಮಗು ಹೀಗೇ ಇರುತ್ತದೆ.

ಹಾಗಾದರೆ ಸಾಕಾಗ್ತಿದೆ ಅಂತ ತಿಳಿಯೋದು ಹೇಗೆ?

ಒಳಗೆ ಹೋಗಿದ್ದರೆ ಹೊರಗೆ ಬರಲೇಬೇಕು ಅಲ್ವಾ? ಅದಕ್ಕೇ ಮೊದಲು ಬಟ್ಟೆ ನೋಡಿ. ಮೊದಲ ದಿನ ಒಂದು ಸಲ ಉಚ್ಚೆ, ಎರಡನೇ ದಿನ ಎರಡು ಸಲ, ಹೀಗೆ ಏರುತ್ತಾ 5ನೇ ದಿನದ ಹೊತ್ತಿಗೆ 24 ಗಂಟೆಯಲ್ಲಿ 6 ಸಲವಾದರೂ ಒದ್ದೆ ಆಗಬೇಕು. ಬಣ್ಣ ತಿಳಿಯಾಗಿರಬೇಕು. ಡಯಾಪರ್ ಹಾಕಿದರೆ ಒದ್ದೆಯೋ ಇಲ್ಲವೋ ಗೊತ್ತಾಗುವುದೇ ಇಲ್ಲ ಅನ್ನುತ್ತಾರೆ. ಒಂದು ಒಣ ಡಯಾಪರ್‌ಗೆ ಮೂರು ದೊಡ್ಡ ಚಮಚ ನೀರು ಸುರಿದು ಕೈಯಲ್ಲಿ ಎತ್ತಿ ನೋಡಿ. ಆ ಭಾರ ಕೈಗೆ ನೆನಪಿದ್ದರೆ ಸಾಕು.

ಮೊದಲ ಎರಡು ಮೂರು ದಿನ ಬಟ್ಟೆ ಮೇಲೆ ಇಟ್ಟಿಗೆ ಪುಡಿ ಉದುರಿದ ಹಾಗೆ ಕೆಂಪು ಕಲೆ ಕಾಣಬಹುದು. ರಕ್ತ ಅಂತ ಹೆದರುತ್ತಾರೆ, ಅದು ಗಟ್ಟಿಯಾದ ಉಚ್ಚೆಯ ಹರಳು ಅಷ್ಟೆ. ಆದರೆ 5ನೇ ದಿನ ಆದಮೇಲೂ ಆ ಕಲೆ ಬರುತ್ತಿದ್ದರೆ ಮಗುವಿಗೆ ಹಾಲು ಸಾಲುತ್ತಿಲ್ಲ ಅಂತಲೇ ಹಿಡಿದು ಮುಂದಿನ ಕೆಲಸ ನೋಡಬೇಕು. ಕಕ್ಕ ಕೂಡ ಅದೇ ಹೊತ್ತಿಗೆ ಕಪ್ಪಿನಿಂದ ಹಸಿರಾಗಿ, ಸಾಸಿವೆ ಹಳದಿಗೆ ತಿರುಗಿರಬೇಕು. ಮೊದಲ ತಿಂಗಳಲ್ಲಿ ದಿನಕ್ಕೆ 3-4 ಸಲ ಹೋಗುವುದು ಮಾಮೂಲು.

ಆಮೇಲೆ ತೂಕ. ಹುಟ್ಟಿದ ಮೇಲೆ ಎಲ್ಲಾ ಮಕ್ಕಳೂ ಸ್ವಲ್ಪ ಇಳಿಯುತ್ತವೆ. ನೂರಕ್ಕೆ 7ರ ತನಕ ಇಳಿದರೆ ಮಾಮೂಲು, 10ರ ಹತ್ತಿರ ಹೋದರೆ ಕೂತು ಯೋಚಿಸಬೇಕು. 10ರಿಂದ 14 ದಿನದೊಳಗೆ ಹುಟ್ಟಿದ ತೂಕಕ್ಕೆ ವಾಪಸ್ ಬರಬೇಕು. ಅಲ್ಲಿಂದ ಮೊದಲ ಮೂರು ತಿಂಗಳು ದಿನಕ್ಕೆ 20ರಿಂದ 30 ಗ್ರಾಂ ಏರಬೇಕು. ಬಟ್ಟೆ ಬಿಚ್ಚಿ, ಪ್ರತಿ ಸಲ ಒಂದೇ ಯಂತ್ರದಲ್ಲಿ ತೂಗಿ. ಆಸ್ಪತ್ರೆಯ ಯಂತ್ರದಲ್ಲಿ ಒಂದು, ಮೆಡಿಕಲ್ ಶಾಪಿನ ಯಂತ್ರದಲ್ಲಿ ಇನ್ನೊಂದು ತೂಗಿ "150 ಗ್ರಾಂ ಇಳಿದುಬಿಟ್ಟಿದೆ" ಅಂತ ರಾತ್ರಿಯೆಲ್ಲಾ ಅತ್ತವರನ್ನು ನೋಡಿದ್ದೇನೆ. ತೂಗಿದ್ದನ್ನೆಲ್ಲ ತಾಯಿ ಕಾರ್ಡಿನಲ್ಲಿ ಬರೆಸಿ. ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೇ ದಿನ ಮನೆಗೆ ಬರಬೇಕು ಅನ್ನುವ ಲೆಕ್ಕ ಇದೆ. ಬಂದಾಗ ತೂಗಿಸಿಕೊಳ್ಳಿ.

ಎದೆ ಮೆತ್ತಗಾಗಿಬಿಟ್ಟಿದೆ. ಪಂಪ್ ಮಾಡಿದರೆ 20 ಮಿಲಿ ಬಂತು. ಹಾಲು ಬತ್ತಿತಾ?

ಇಲ್ಲ. ಮೊದಲ ವಾರಗಳಲ್ಲಿ ಎದೆ ಕಲ್ಲಿನ ಹಾಗೆ ಗಟ್ಟಿಯಾಗುವುದು ಹಾಲಿನಿಂದ ಮಾತ್ರ ಅಲ್ಲ, ಬಾವಿನಿಂದ ಕೂಡ. ಸುಮಾರು 6 ವಾರಕ್ಕೆ ಮಗುವಿಗೆ ಬೇಕಾದಷ್ಟೇ ತಯಾರಾಗೋಕೆ ಶುರುವಾಗಿ ಎದೆ ಮೆತ್ತಗಾಗುತ್ತದೆ. ಸೋರುವುದು ನಿಲ್ಲುತ್ತದೆ. ಎಲ್ಲವೂ ಸರಿ ಹೋಯಿತು ಅನ್ನುವ ಹೊತ್ತಿಗೇ ಹೆಣ್ಣುಮಕ್ಕಳಿಗೆ ಭಯ ಶುರುವಾಗುತ್ತದೆ, ಏನು ಮಾಡೋದು.

ಪಂಪ್ ಅನ್ನುವುದು ಅಳತೆಗೋಲು ಅಲ್ಲ. ಮಗು ಈಗ ತಾನೆ ಕುಡಿದು ಬಿಟ್ಟ ಎದೆಯಿಂದ 20 ಮಿಲಿ ಬಂದರೆ ಅದು ಮಿಕ್ಕಿದ ಹಾಲು. ಪಂಪಿನಲ್ಲಿ ಎದೆಗೆ ಇಡುವ ಫನಲ್ ಅಳತೆ ಸರಿಯಿಲ್ಲದಿದ್ದರೂ ಹಾಲು ಹೊರಗೆ ಬರುವುದಿಲ್ಲ. ಅತ್ತೆ ಬಾಗಿಲ ಹತ್ತಿರ ನಿಂತು "ಎಷ್ಟು ಬಂತು?" ಅಂತ ಕೇಳುತ್ತಿದ್ದರೂ ಬರುವುದಿಲ್ಲ. ಇದು ತಮಾಷೆಯಲ್ಲ. ಹಾಲನ್ನು ಹೊರಗೆ ತಳ್ಳುವ ಆಕ್ಸಿಟೋಸಿನ್ ಹಾರ್ಮೋನು ನೋವು, ಮುಜುಗರ, ಗಾಬರಿಗೆ ತಕ್ಷಣ ತಡೆಯಾಗುತ್ತದೆ. ಹಾಲು ತಯಾರಾಗಿರುತ್ತದೆ, ಹೊರಗೆ ಬರುವುದಿಲ್ಲ.

ರಾತ್ರಿ ಒಂದೇ ಒಂದು ಸಲ ಡಬ್ಬಿ ಹಾಲು ಕೊಟ್ಟರೆ ಏನಾಗುತ್ತೆ?

ಡಬ್ಬಿ ಹಾಲು ವಿಷವಲ್ಲ. ಬೇಕಾದಾಗ ಬೇಕು, ಅದನ್ನು ಕೆಳಗೆ ಹೇಳುತ್ತೇನೆ. ಆದರೆ ಬೇಡದಿದ್ದಾಗ ಕೊಟ್ಟರೆ ಆಗುವುದು ಇದು. ಎದೆ ಎಷ್ಟು ಖಾಲಿಯಾಗುತ್ತದೋ ಅಷ್ಟು ತುಂಬುತ್ತದೆ. ತುಂಬಿಕೊಂಡೇ ಕೂತರೆ "ಇಷ್ಟು ಬೇಡ" ಅಂತ ದೇಹವೇ ತಯಾರಿ ಇಳಿಸುತ್ತದೆ. ರಾತ್ರಿ 60 ಮಿಲಿ ಬಾಟಲಿ ಕುಡಿದ ಮಗು ನಾಲ್ಕು ಗಂಟೆ ಮಲಗುತ್ತದೆ. ಅಷ್ಟು ಹೊತ್ತು ಎದೆ ತುಂಬಿಯೇ ಇರುತ್ತದೆ. ವಾರ ಕಳೆದರೆ ಬೆಳಿಗ್ಗೆಯೂ ಮಗು ಕಿರಿಕಿರಿ ಮಾಡುತ್ತದೆ, ಇನ್ನೊಂದು ಬಾಟಲಿ ಸೇರುತ್ತದೆ. ತಿಂಗಳಲ್ಲಿ "ನೋಡಿ, ಹಾಲು ಇರಲೇ ಇಲ್ಲ" ಅನ್ನುತ್ತಾರೆ. ಇತ್ತು, ನಾವೇ ಇಳಿಸಿದೆವು.

ಈ ಕಾರಣಕ್ಕೇ ನಮ್ಮ ದೇಶದಲ್ಲಿ 1992ರ ಕಾನೂನು ಶಿಶು ಹಾಲಿನ ಪುಡಿಯ ಜಾಹೀರಾತನ್ನೂ ತಾಯಂದಿರಿಗೆ ಪುಕ್ಕಟೆ ಸ್ಯಾಂಪಲ್ ಹಂಚುವುದನ್ನೂ ನಿಷೇಧಿಸಿದೆ. ಯಾರಾದರೂ ಕೈಗೆ ಡಬ್ಬಿ ಇಟ್ಟು "ಇರಲಿ, ಬೇಕಾಗುತ್ತೆ" ಅಂದರೆ ಇದು ನೆನಪಿರಲಿ.

ಅಂಟಿನುಂಡೆ, ಸಬ್ಬಸಿಗೆ ಸೊಪ್ಪು, ಬೆಳ್ಳುಳ್ಳಿ, ಮೆಂತ್ಯ: ತಿಂದರೆ ಹಾಲು ಜಾಸ್ತಿ ಆಗುತ್ತಾ?

ನನ್ನ ಬಾಣಂತನದಲ್ಲಿ ನಮ್ಮಜ್ಜಿ ದಿನಕ್ಕೊಂದು ಇಡೀ ಗೆಡ್ಡೆ ಬೆಳ್ಳುಳ್ಳಿ ತುಪ್ಪದಲ್ಲಿ ಹುರಿದು ಅನ್ನಕ್ಕೆ ಕಲಸಿ ಕೊಡುತ್ತಿದ್ದಳು. ರುಚಿಯಾಗಿತ್ತು, ತಿಂದೆ. ಅದರಿಂದಲೇ ಹಾಲು ಬಂತಾ? ಹೇಳೋಕೆ ಆಗುವುದಿಲ್ಲ. ಯಾಕಂದರೆ ಅದೇ ದಿನಗಳಲ್ಲಿ ಮಗು ದಿನಕ್ಕೆ ಹತ್ತು ಸಲ ಎದೆ ಕುಡಿಯುತ್ತಿತ್ತು.

ಸಿಕ್ಕಿಕೊಳ್ಳುವುದು ಇಲ್ಲೇ. 3-4ನೇ ದಿನ ಹೇಗೂ ಹಾಲು ತುಂಬಿ ಬರುವ ಹೊತ್ತು. ಆವತ್ತೇ ಸಬ್ಬಸಿಗೆ ಸೊಪ್ಪಿನ ಪಲ್ಯ ಮಾಡಿದ್ದರೆ ಕೀರ್ತಿ ಸೊಪ್ಪಿಗೆ ಹೋಗುತ್ತದೆ. ಇಂಥ ಆಹಾರ ಮತ್ತು ಗಿಡಮೂಲಿಕೆಗಳ ಮೇಲೆ ನಡೆದ ಪ್ರಯೋಗಗಳನ್ನೆಲ್ಲ ಕಾಕ್ರೇನ್ ಅನ್ನುವ ಅಂತರರಾಷ್ಟ್ರೀಯ ಸಂಶೋಧಕರ ತಂಡ 2020ರಲ್ಲಿ ಒಟ್ಟಿಗೆ ಇಟ್ಟು ನೋಡಿತು. ಕೆಲವದರಿಂದ ಸ್ವಲ್ಪ ಹೆಚ್ಚಿರಬಹುದು, ಆದರೆ ಪ್ರಯೋಗಗಳು ಚಿಕ್ಕವು, ಅಳತೆಗಳು ಒಂದಕ್ಕೊಂದು ಹೊಂದುವುದಿಲ್ಲ, ನಂಬಿಕೆಯಿಂದ ಹೇಳುವ ಹಾಗಿಲ್ಲ ಅನ್ನುವುದು ಅದರ ಸಾರ.

ಹಾಗಂತ ಅಂಟಿನುಂಡೆ ಬೇಡ ಅನ್ನುತ್ತಿಲ್ಲ. ಮೊದಲ 6 ತಿಂಗಳು ಹಾಲೂಡಿಸುವ ತಾಯಿಗೆ ದಿನಕ್ಕೆ ಸುಮಾರು 600 ಕ್ಯಾಲೊರಿ ಹೆಚ್ಚು ಬೇಕು. ತುಪ್ಪ, ಕೊಬ್ಬರಿ, ಬೆಲ್ಲ, ಗೋಡಂಬಿ ಹಾಕಿದ ಒಂದು ಉಂಡೆ ಆ ಲೆಕ್ಕಕ್ಕೆ ಚೆನ್ನಾಗಿ ಒದಗುತ್ತದೆ. ಅದು ತಾಯಿಯ ಹೊಟ್ಟೆಗೆ ಊಟ. ಹಾಲಿನ ಕೊಳಾಯಿ ತಿರುಗಿಸುವ ಕೀಲಿ ಅಲ್ಲ. ಸಕ್ಕರೆ ಕಾಯಿಲೆ ಇದ್ದವರು ಎಷ್ಟು ಉಂಡೆ ಅಂತ ಕೇಳಿಕೊಂಡೇ ತಿನ್ನಿ.

ಮೆಂತ್ಯದ ಬಗ್ಗೆ ಮಾತ್ರ ಸ್ವಲ್ಪ ಎಚ್ಚರ. ಒಗ್ಗರಣೆಗೆ, ಸೊಪ್ಪಿನ ಸಾರಿಗೆ ಹಾಕುವ ಮೆಂತ್ಯ ಬೇರೆ, ದಿನಕ್ಕೆ ಮೂರು ಹೊತ್ತು ಚಮಚಗಟ್ಟಲೆ ಪುಡಿ ನುಂಗುವುದು ಬೇರೆ. ಜಾಸ್ತಿ ಆದರೆ ಹೊಟ್ಟೆಯುಬ್ಬರ, ಭೇದಿ ಬರುತ್ತದೆ. ರಕ್ತದ ಸಕ್ಕರೆ ಇಳಿಯುತ್ತದೆ. ಸಕ್ಕರೆಯ ಮಾತ್ರೆ, ಇನ್ಸುಲಿನ್ ಅಥವಾ ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳದೆ ಈ ಪ್ರಮಾಣಕ್ಕೆ ಕೈ ಹಾಕಬಾರದು.

ನನಗೆ ಸಿಟ್ಟು ಬರುವುದು ಕೊಡುವ ಪದಾರ್ಥದ ಮೇಲೆ ಅಲ್ಲ, ಕಿತ್ತುಕೊಳ್ಳುವ ಪದಾರ್ಥದ ಮೇಲೆ. ಪಥ್ಯ ಅಂತ ಹೇಳಿ ಮೊಸರಿಲ್ಲ, ಹಣ್ಣಿಲ್ಲ, ಬೇಳೆಯಿಲ್ಲ, ಬರೀ ಅನ್ನ ಮತ್ತು ಮೆಣಸಿನ ಸಾರು. ಮೊಸರು ತಿಂದರೆ ಮಗುವಿಗೆ ನೆಗಡಿ ಆಗುವುದಿಲ್ಲ. ಹೀಗೆ ಸೊರಗಿದ ತಾಯಿ ಮಗುವಿಗೆ ಹಾಲನ್ನೇನೋ ಕೊಡುತ್ತಾಳೆ, ತನ್ನ ಮೈಯಿಂದ ತೆಗೆದು ಕೊಡುತ್ತಾಳೆ.

ನೀರು ಕುಡಿದರೆ ಹಾಲು ನೀರಾಗುತ್ತೆ ಅಂತಾರಲ್ಲ?

ಆಗುವುದಿಲ್ಲ. ಬಾಣಂತಿಗೆ ನೀರು ಅಳೆದು ಕೊಡುವ ಮನೆಗಳು ಈಗಲೂ ಇವೆ. ಏಪ್ರಿಲ್ ತಿಂಗಳು, ಕಿಟಕಿ ಮುಚ್ಚಿದ ರೂಮು, ಕಿವಿಗೆ ಹತ್ತಿ, ಮೈಗೆ ಸ್ವೆಟರು, ಕುಡಿಯೋಕೆ ಅರ್ಧ ಲೋಟ ಬಿಸಿನೀರು. ಬಾಯಾರಿದಷ್ಟು ಕುಡಿಯಬೇಕು, ಉಚ್ಚೆ ತಿಳಿಯಾಗಿರಬೇಕು. ಬೇಕು ಬೇಕಂತ ಬಲವಂತವಾಗಿ ಲೀಟರುಗಟ್ಟಲೆ ಕುಡಿದರೂ ಹಾಲು ಹೆಚ್ಚುವುದಿಲ್ಲ. ಮಗುವಿಗೆ ಮಾತ್ರ 6 ತಿಂಗಳ ತನಕ ಒಂದು ಹನಿ ನೀರೂ ಬೇಡ.

ಶತಾವರಿ ಪುಡಿ? ಹಾಲು ಬರಿಸುವ ಮಾತ್ರೆ?

ಶತಾವರಿಗೆ ನಮ್ಮ ಹಳ್ಳಿ ಕಡೆ ಹಲವು ಮಕ್ಕಳ ತಾಯಿ ಬೇರು ಅಂತ ಎಷ್ಟು ಚಂದದ ಹೆಸರಿದೆ. ಹೆಸರಿನಷ್ಟು ಗಟ್ಟಿ ಪುರಾವೆ ಇಲ್ಲ. ಅಂಗಡಿಯ ಡಬ್ಬಿಗಳಲ್ಲಿ ಸಕ್ಕರೆಯೂ ಸಾಕಷ್ಟು ಇರುತ್ತದೆ, ಹಿಂದಿನ ಚೀಟಿ ಓದಿ.

ಡೊಂಪೆರಿಡೋನ್ ಮಾತ್ರೆ ಕೆಲವರಲ್ಲಿ ಹಾಲನ್ನು ಸ್ವಲ್ಪ ಹೆಚ್ಚಿಸುತ್ತದೆ. ಆದರೆ ಅದು ಹೃದಯದ ಬಡಿತದ ಲಯ ಕೆಡಿಸಬಹುದು. ಹೃದಯದ ತೊಂದರೆ ಇದ್ದವರಿಗೆ ಸಲ್ಲದು. ಮೊಲೆತೊಟ್ಟಿನ ಫಂಗಸ್‌ಗೆ ಕೊಡುವ ಫ್ಲುಕೊನಜೋಲ್ ಜೊತೆ ಸೇರಿದರೆ ಅಪಾಯ ಜಾಸ್ತಿ. ಇವೆರಡೂ ಬಾಣಂತಿಯ ಒಂದೇ ಚೀಟಿಯಲ್ಲಿ ಬರುವ ಸಾಧ್ಯತೆ ಇದೆ, ಅದಕ್ಕೇ ಹೇಳುತ್ತಿದ್ದೇನೆ. ಪಕ್ಕದ ಮನೆಯವಳಿಗೆ ಬರೆದ ಮಾತ್ರೆ ತರಿಸಿಕೊಳ್ಳಬೇಡಿ. ಎದೆ ಖಾಲಿ ಮಾಡದೆ ಮಾತ್ರೆ ನುಂಗಿದರೆ ಪ್ರಯೋಜನವೂ ಇಲ್ಲ.

ನಿಜವಾಗಿಯೂ ಹಾಲು ಕಡಿಮೆ ಇದ್ದದ್ದನ್ನು ನೀವು ನೋಡಿದ್ದೀರಾ?

ನೋಡಿದ್ದೇನೆ. ಒಂದನ್ನು ಪೂರ್ತಿ ಹೇಳುತ್ತೇನೆ. ವಿಜಯನಗರದ ಒಂದು ಮನೆ, ಮೊದಲ ಹೆರಿಗೆ, ನಾರ್ಮಲ್. ಹುಟ್ಟಿದಾಗ ಮಗು 3 ಕೆ.ಜಿ. ನಾನು ಹೋದದ್ದು 12ನೇ ದಿನ. ಮಗು ಎದೆ ಹಿಡಿದಿದ್ದ ರೀತಿ ಚೆನ್ನಾಗಿಯೇ ಇತ್ತು. ಬಾಯಿ ಅಗಲ, ಗದ್ದ ಎದೆಗೆ ತಾಗಿತ್ತು. ದಿನಕ್ಕೆ ಎಂಟು ಸಲ ಕುಡಿಸುತ್ತಿದ್ದಳು. ಆದರೂ ಒದ್ದೆ ಬಟ್ಟೆ ಮೂರೋ ನಾಲ್ಕೋ. ಇಟ್ಟಿಗೆ ಬಣ್ಣದ ಕಲೆ. ತೂಕ 2,750 ಗ್ರಾಂ. 12 ದಿನಕ್ಕೆ 3 ಕೆ.ಜಿ.ಯ ಹತ್ತಿರ ಬಂದಿರಬೇಕಿತ್ತು, 250 ಗ್ರಾಂ ಹಿಂದಿತ್ತು.

ಕುಡಿಸುವ ಮೊದಲು ಬಟ್ಟೆ ಸಮೇತ ತೂಗಿದೆ. ಎರಡೂ ಕಡೆ ಕುಡಿಸಿ, ಬಟ್ಟೆ ಬದಲಿಸದೆ ಮತ್ತೆ ತೂಗಿದೆ. ಏರಿದ್ದು 12 ಗ್ರಾಂ, ಅಂದರೆ ಸುಮಾರು 12 ಮಿಲಿ. ಈ ವಯಸ್ಸಿನ ಮಗುವಿಗೆ ದಿನಕ್ಕೆ ಕೆ.ಜಿ.ಗೆ ಸುಮಾರು 150 ಮಿಲಿ ಬೇಕು. ಈ ಮಗುವಿಗೆ ದಿನಕ್ಕೆ 410ರ ಹತ್ತಿರ, ಎಂಟು ಸಲಕ್ಕೆ ಹಂಚಿದರೆ ಸಲಕ್ಕೆ 50 ಮಿಲಿ. ಸಿಗುತ್ತಿದ್ದದ್ದು ಕಾಲು ಭಾಗ. ಒಂದು ಸಲದ ತೂಕ ನಂಬಬಾರದು ಅಂತ ಅವತ್ತೇ ಇನ್ನೆರಡು ಸಲ ತೂಗಿಸಿದೆ. ಅಷ್ಟೇ ಬಂತು.

ಆಮೇಲೆ ತಾಯಿಯನ್ನು ಎರಡು ಪ್ರಶ್ನೆ ಕೇಳಿದೆ. ಹೆರಿಗೆ ಆದಮೇಲೆ ಯಾವತ್ತಾದರೂ ಎದೆ ಬಿಗಿದು ಭಾರ ಆಯಿತಾ? ಇಲ್ಲವೇ ಇಲ್ಲ ಅಂದಳು. ರಕ್ತಸ್ರಾವ ಹೇಗಿದೆ? "ಇನ್ನೂ ಕೆಂಪಗೇ ಹೋಗ್ತಿದೆ, ಆಗಾಗ ಗೆಡ್ಡೆ ಗೆಡ್ಡೆ ಬೀಳುತ್ತೆ. ಬಾಣಂತಿಗೆ ಹೋಗಬೇಕಂತೆ, ಅಮ್ಮ ಹೇಳಿದ್ರು."

ಅಲ್ಲಿಗೆ ನನ್ನ ಕೆಲಸ ಮುಗಿದು ಡಾಕ್ಟರ ಕೆಲಸ ಶುರುವಾಯಿತು. ಮಾಸು, ಅಂದರೆ ಕಸ, ಪೂರ್ತಿ ಹೊರಬಂದ ಮೇಲೆ ಪ್ರೊಜೆಸ್ಟರಾನ್ ಹಾರ್ಮೋನು ಧಡಕ್ಕನೆ ಇಳಿಯುತ್ತದೆ. ಹಾಲು ತುಂಬಿಕೊಳ್ಳುವುದಕ್ಕೆ ಅದೇ ಸಂಕೇತ. ಮಾಸಿನ ಚೂರು ಗರ್ಭಕೋಶದಲ್ಲಿ ಉಳಿದರೆ ದೇಹಕ್ಕೆ ಇನ್ನೂ ಬಸುರಿ ಅನ್ನುವ ಭಾವನೆ. ಸ್ಕ್ಯಾನಿಂಗ್‌ನಲ್ಲಿ ಚೂರು ಕಾಣಿಸಿತು. 14ನೇ ದಿನ ತೆಗೆದರು. 16ನೇ ದಿನ ರಾತ್ರಿ ಅವಳು ಫೋನ್ ಮಾಡಿ "ಸಿಸ್ಟರ್, ಎದೆ ಕಲ್ಲಾಗಿದೆ" ಅಂದಾಗ ಇಷ್ಟು ಖುಷಿಯಿಂದ ಆ ಮಾತು ಹೇಳಿದವರನ್ನು ನಾನು ನೋಡಿರಲಿಲ್ಲ.

ಈ ನಡುವೆ ಮಗು ಹಸಿದು ಕಾಯಲಿಲ್ಲ. ಮಕ್ಕಳ ಡಾಕ್ಟರು ಹೇಳಿದ ಅಳತೆಯಲ್ಲಿ ಪ್ರತಿ ಸಲ ಎದೆ ಕುಡಿಸಿದ ಮೇಲೆ ಒಳಲೆಯಲ್ಲಿ 40 ಮಿಲಿ ಫಾರ್ಮುಲಾ, ಅಂದರೆ ಡಬ್ಬಿ ಹಾಲು, ಕೊಟ್ಟರು. ಕುಡಿಸಿದ ನಂತರ ಅವಳು ಹತ್ತು ಹದಿನೈದು ನಿಮಿಷ ಪಂಪ್ ಮಾಡುತ್ತಿದ್ದಳು, ಎದೆಗೆ ಬೇಡಿಕೆ ಕೇಳಿಸುತ್ತಾ ಇರಲಿ ಅಂತ. 21ನೇ ದಿನ ತೂಕ 3,010. ಒಂದು ಸಲ ಎದೆ ಕುಡಿದರೆ ಏರಿದ್ದು 48 ಗ್ರಾಂ. ಫಾರ್ಮುಲಾ ಒಂದೊಂದೇ ಸಲದಿಂದ ಇಳಿಸುತ್ತಾ ಹೋಗಿ 5ನೇ ವಾರಕ್ಕೆ ನಿಲ್ಲಿಸಿದೆವು. ಅಷ್ಟು ದಿನ ಅವಳಿಗೆ ಕಿಲೋಗಟ್ಟಲೆ ಸಬ್ಬಸಿಗೆ ತಿನ್ನಿಸಿದ್ದರು ಪಾಪ.

ಬೇರೆ ಯಾವ ಕಾರಣಗಳನ್ನು ಪರೀಕ್ಷೆ ಮಾಡಿಸಬೇಕು?

ಥೈರಾಯ್ಡ್ ಮೊದಲು ನೋಡಿ. ಟಿಎಸ್‌ಎಚ್ ರಕ್ತ ಪರೀಕ್ಷೆ ಸುಲಭ. ಬಸುರಿಯಲ್ಲಿ ಮಾತ್ರೆ ತೆಗೆದುಕೊಳ್ಳುತ್ತಿದ್ದು ಹೆರಿಗೆ ಆಯಿತಲ್ಲ ಅಂತ ತಾವೇ ನಿಲ್ಲಿಸಿದವರು ಎಷ್ಟೋ ಜನ. ಹೆರಿಗೆಯಲ್ಲಿ ತುಂಬಾ ರಕ್ತ ಹೋಗಿದ್ದರೆ ಹಿಮೋಗ್ಲೋಬಿನ್ ನೋಡಬೇಕು. ಅಪರೂಪಕ್ಕೆ, ಆ ರಕ್ತಸ್ರಾವದಿಂದ ಮೆದುಳಿನ ಕೆಳಗಿನ ಪಿಟ್ಯುಟರಿ ಗ್ರಂಥಿಗೇ ಪೆಟ್ಟಾಗಿ ಹಾಲು ಬರುವುದೇ ಇಲ್ಲ. ತೀರಾ ಸುಸ್ತು, ತಲೆಸುತ್ತು, ಎದೆಯಲ್ಲಿ ಒಂದು ಹನಿಯೂ ಇಲ್ಲ ಅಂದರೆ ಇದನ್ನು ಡಾಕ್ಟರಿಗೆ ನೆನಪಿಸಿ.

ಇನ್ನು ಕೆಲವರಿಗೆ ಹಾಲಿನ ಗ್ರಂಥಿಯೇ ಕಡಿಮೆ ಬೆಳೆದಿರುತ್ತದೆ. ಬಸುರಿಯಲ್ಲಿ ಎದೆ ಸ್ವಲ್ಪವೂ ದೊಡ್ಡದಾಗದಿದ್ದರೆ, ಎರಡರ ನಡುವೆ ಅಂತರ ಜಾಸ್ತಿ ಇದ್ದರೆ, ಒಂದು ಇನ್ನೊಂದಕ್ಕಿಂತ ಬಹಳ ಚಿಕ್ಕದಿದ್ದರೆ ಈ ಅನುಮಾನ. ಬರೀ ಚಿಕ್ಕ ಎದೆ ಅನ್ನುವುದು ಕಾರಣ ಅಲ್ಲ, ಗಾತ್ರ ಹೆಚ್ಚಿನಂಶ ಕೊಬ್ಬಿನದು. ಎದೆಯ ಆಪರೇಷನ್ ಆಗಿದ್ದರೆ ಮೊದಲೇ ಹೇಳಿ. ಪಿಸಿಓಡಿ, ಸಕ್ಕರೆ ಕಾಯಿಲೆ ಇದ್ದವರಲ್ಲಿ ಕೆಲವರಿಗೆ ಹಾಲು ತಡವಾಗುತ್ತದೆ.

ಚೆನ್ನಾಗಿದ್ದ ಹಾಲು ಇದ್ದಕ್ಕಿದ್ದಂತೆ ಇಳಿದರೆ ಮಾತ್ರೆಗಳ ಡಬ್ಬ ತೆಗೆದು ನೋಡಿ. ಈಸ್ಟ್ರೋಜನ್ ಇರುವ ಗರ್ಭನಿರೋಧಕ ಮಾತ್ರೆ, ನೆಗಡಿಗೆ ಕೊಡುವ ಸ್ಯೂಡೋಎಫೆಡ್ರಿನ್, ಇವೆರಡೂ ಹಾಲು ಇಳಿಸುತ್ತವೆ. ಮತ್ತೆ ಬಸುರಿಯಾದರೂ ಇಳಿಯುತ್ತದೆ.

ಮಗುವಿನ ಕಡೆಯಿಂದಲೂ ತೊಂದರೆ ಇರಬಹುದು. ನಾಲಿಗೆ ಕೆಳಗಿನ ಪೊರೆ ಬಿಗಿಯಿದ್ದರೆ, ಎರಡು ಮೂರು ವಾರ ಮುಂಚೆ ಹುಟ್ಟಿದ್ದರೆ, ಕಾಮಾಲೆಯಿಂದ ಮಂಪರಿನಲ್ಲಿದ್ದರೆ ಅದು ಎದೆ ಖಾಲಿ ಮಾಡುವುದಿಲ್ಲ. ತಾಯಿಯ ಹಾಲು ಅದರ ಹಿಂದೆಯೇ ಇಳಿಯುತ್ತದೆ.

ಕಾಯಿಲೆ ಏನೂ ಇಲ್ಲ, ಹಾಲು ಸ್ವಲ್ಪ ಕಡಿಮೆ ಇದೆ. ಏನು ಮಾಡಲಿ?

ಹಿಡಿತ ಸರಿ ಮಾಡಿ. ಬರೀ ತೊಟ್ಟು ಬಾಯಲ್ಲಿದ್ದರೆ ನೋವಾಗುತ್ತದೆ, ಹಾಲು ಬರುವುದಿಲ್ಲ. ಸುತ್ತಲಿನ ಕಪ್ಪು ಭಾಗವೂ, ಮುಖ್ಯವಾಗಿ ಕೆಳಗಿನದು, ಬಾಯೊಳಗೆ ಇರಬೇಕು. ಕಿವಿಗೊಟ್ಟು ಕೇಳಿ: ಚೀಪು, ಚೀಪು, ಆಮೇಲೆ ಗುಟುಕು. ಗುಟುಕು ನಿಂತಾಗ ಎದೆಯನ್ನು ಅಂಗೈಯಲ್ಲಿ ಮೆಲ್ಲಗೆ ಒತ್ತಿ ಹಿಡಿಯಿರಿ, ಮತ್ತೆ ಗುಟುಕು ಶುರುವಾಗುತ್ತದೆ. ಒತ್ತಿದರೂ ಬರದಿದ್ದರೆ ಇನ್ನೊಂದು ಕಡೆಗೆ ಹಾಕಿ. 24 ಗಂಟೆಯಲ್ಲಿ 8ರಿಂದ 12 ಸಲ, ರಾತ್ರಿಯೂ ಸೇರಿ. ಕುಡಿಸಿದ ಮೇಲೆ ಕೈಯಿಂದಲೋ ಪಂಪಿನಿಂದಲೋ ಹತ್ತು ನಿಮಿಷ ಹಿಂಡಿ, ಬಂದದ್ದನ್ನು ಒಳಲೆಯಲ್ಲಿ ಕೊಡಿ. ಮೂರರಿಂದ ಐದು ದಿನ ಬಿಡದೆ ಮಾಡಿ, ಮತ್ತೆ ತೂಗಿ. ಅಡುಗೆ, ಬಟ್ಟೆ ಕೆಲಸ ಬೇರೆಯವರು ನೋಡಿಕೊಂಡರೆ ಮಾತ್ರ ಇದು ಆಗುವ ಕೆಲಸ.

ಕಾಯದೆ ಆಸ್ಪತ್ರೆಗೆ ಓಡಬೇಕಾದ್ದು ಯಾವಾಗ?

ಮಗು ಎಬ್ಬಿಸಿದರೂ ಎದೆ ಹಿಡಿಯದಿದ್ದರೆ, 8 ಗಂಟೆ ಉಚ್ಚೆ ಮಾಡದಿದ್ದರೆ, ಬಾಯಿ ಒಣಗಿ ನೆತ್ತಿ ಗುಳಿ ಬಿದ್ದಿದ್ದರೆ, ಹಳದಿ ಅಂಗೈ ಅಂಗಾಲಿಗೆ ಇಳಿದಿದ್ದರೆ, ಜ್ವರವಿದ್ದರೆ ಅಥವಾ ಮೈ ತಣ್ಣಗಿದ್ದರೆ. ತಾಯಿಗೆ ಒಂದು ಗಂಟೆಯಲ್ಲಿ ಪ್ಯಾಡ್ ನೆನೆಯುವಷ್ಟು ರಕ್ತ, ದೊಡ್ಡ ಗೆಡ್ಡೆ, ಕೆಟ್ಟ ವಾಸನೆ ಅಥವಾ ಜ್ವರ ಇದ್ದರೆ. ಬೆಳಗಾಗಲಿ ಅನ್ನಬೇಡಿ.

ಮೊದಲನೆಯದಕ್ಕೆ ಹಾಲು ಬರಲಿಲ್ಲ. ಎರಡನೆಯದಕ್ಕೂ ಹಾಗೇ ಆಗುತ್ತಾ?

ಕಾರಣ ಏನಿತ್ತು ಅನ್ನುವುದರ ಮೇಲೆ ಹೋಗುತ್ತದೆ. ಡಬ್ಬಿ ಹಾಲಿನಿಂದ ಇಳಿದಿದ್ದರೆ ಮತ್ತೆ ಹಾಗಾಗಬೇಕಿಲ್ಲ. ಗ್ರಂಥಿ ಕಡಿಮೆ ಇದ್ದವರಿಗೂ ಎರಡನೇ ಸಲ ಸ್ವಲ್ಪ ಹೆಚ್ಚು ಬರುವುದುಂಟು. ಮಾಸು ಒಮ್ಮೆ ಉಳಿದಿದ್ದರೆ ಇನ್ನೊಮ್ಮೆ ಉಳಿಯುವ ಸಾಧ್ಯತೆ ಉಳಿದವರಿಗಿಂತ ಜಾಸ್ತಿ, ಹಾಗಾಗಿ ಹೆರಿಗೆ ಡಾಕ್ಟರಿಗೆ ಮೊದಲ ತಪಾಸಣೆಯಲ್ಲೇ ಹೇಳಿ ಕಾರ್ಡಿನಲ್ಲಿ ಬರೆಸಿ. ವಿಜಯನಗರದವಳು ಹಾಗೇ ಮಾಡಿದಳು. ಎರಡನೆಯದಕ್ಕೆ ಮೂರನೇ ದಿನವೇ ಹಾಲು ತುಂಬಿತು, ನನ್ನನ್ನು ಕರೆದದ್ದು ಬರೀ ಕಾಫಿ ಕುಡಿಯೋಕೆ.